ಬೆಂಗಳೂರಲ್ಲಿ ಲಿಕ್ವಿಡ್ ನೈಟ್ರೋಜನ್ 77 ಕೆಲ್ವಿನ್‌ಗೆ ಕುದಿಯಲ್ಲ! ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಸುಮಾರು ವರ್ಷ ಲಿಕ್ವಿಡ್ ನೈಟ್ರೋಜನ್ ಸುರಿದವನು. ಹೊಸದಾಗಿ ಬರುವ ಹುಡುಗ ಹುಡುಗಿಯರು ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತಾರೆ, ನಾನು ಅದೇ ಉತ್ತರ ಹೇಳುತ್ತೇನೆ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಲಿಕ್ವಿಡ್ ನೈಟ್ರೋಜನ್ ಎಷ್ಟಕ್ಕೆ ಕುದಿಯುತ್ತದೆ? ಸುಮ್ನೆ ಸಂಖ್ಯೆ ಹೇಳಿ ಸಾಕು.

ಪುಸ್ತಕದ ಉತ್ತರ 77.36 ಕೆಲ್ವಿನ್. ಬೆಂಗಳೂರಿನ ಉತ್ತರ ಸುಮಾರು 76.45 ಕೆಲ್ವಿನ್.

ಎರಡೂ ಸರಿ. ಪುಸ್ತಕದ್ದು ಸಮುದ್ರಮಟ್ಟದ ಗಾಳಿ ಒತ್ತಡಕ್ಕೆ, ಅಂದರೆ 1013.25 ಹೆಕ್ಟೊಪ್ಯಾಸ್ಕಲ್‌ಗೆ ಹೇಳಿದ ಮಾತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಇಲ್ಲಿ ಒತ್ತಡ 910ರ ಆಸುಪಾಸು. ಆ ನೂರು ಹೆಕ್ಟೊಪ್ಯಾಸ್ಕಲ್ ಕೊರತೆಯೇ ಈ 0.9 ಕೆಲ್ವಿನ್ ವ್ಯತ್ಯಾಸ. ಈ ಪುಟದ ಅರ್ಧ ಕಥೆ ಇದೇ.

ಸೆಲ್ಸಿಯಸ್‌ನಲ್ಲೇ ಹೇಳಬಾರದಾ? ಕೆಲ್ವಿನ್ ಯಾಕೆ?

ಹೇಳಬಹುದು, ಯಾರೂ ಬೇಡ ಅನ್ನಲ್ಲ. ಕೆಲ್ವಿನ್‌ನಿಂದ 273.15 ಕಳೆದರೆ ಸೆಲ್ಸಿಯಸ್ ಸಿಗುತ್ತದೆ, 77.36 ಅಂದರೆ ಮೈನಸ್ 195.79. ಆದರೆ ಸೆಲ್ಸಿಯಸ್‌ನಲ್ಲಿ ನೈಟ್ರೋಜನ್ ಮೈನಸ್ 196, ಹೀಲಿಯಂ ಮೈನಸ್ 269 ಅಂತ ಪಕ್ಕಪಕ್ಕ ಬರೆದು ನೋಡಿ. ಎರಡೂ ‘ತುಂಬಾ ತಣ್ಣಗೆ’ ಅನ್ನಿಸುತ್ತದೆ ಅಷ್ಟೇ. ಕೆಲ್ವಿನ್‌ನಲ್ಲಿ ಬರೆದರೆ ಒಂದು 77, ಇನ್ನೊಂದು 4. ಕೆಲ್ವಿನ್ ಲೆಕ್ಕ ನಿಜವಾದ ಸೊನ್ನೆಯಿಂದ ಶುರುವಾಗುತ್ತದೆ, ಅದಕ್ಕಿಂತ ಕೆಳಗೆ ಹೋಗಲು ಜಾಗವೇ ಇಲ್ಲ. ಹಾಗಾಗಿ ಹೀಲಿಯಂ ನೈಟ್ರೋಜನ್‌ಗಿಂತ ಹದಿನೆಂಟು ಪಟ್ಟು ಕೆಳಗಿದೆ ಅಂತ ಧೈರ್ಯವಾಗಿ ಹೇಳಬಹುದು. ಸೆಲ್ಸಿಯಸ್‌ನಲ್ಲಿ ಆ ಮಾತಿಗೆ ಅರ್ಥವೇ ಇಲ್ಲ.

‘ಡಿಗ್ರಿ ಕೆಲ್ವಿನ್’ ಅನ್ನಬಹುದಾ?

ಬೇಡ. ಸುಮ್ನೆ ಕೆಲ್ವಿನ್ ಅಂದರೆ ಸಾಕು. ಹಿಂದೆ ಡಿಗ್ರಿ ಸೇರಿಸುತ್ತಿದ್ದರು, 1967ರ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಕೈಬಿಟ್ಟರು. ನಮ್ಮ ಕೆಲವು ಮೇಷ್ಟ್ರುಗಳಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ಊರು ಬದಲಾದರೆ ಕುದಿಯುವ ಬಿಂದು ಯಾಕೆ ಬದಲಾಗಬೇಕು? ವಸ್ತು ಅದೇ ತಾನೇ?

ಮನೆಯಲ್ಲಿ ಕಾಫಿಗೆ ನೀರಿಟ್ಟಾಗ ಇದೇ ಆಗುತ್ತದೆ. ಬೆಂಗಳೂರಲ್ಲಿ ನೀರು 100ಕ್ಕೆ ಕುದಿಯಲ್ಲ, 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಥರ್ಮಾಮೀಟರ್ ಇಟ್ಟು ನೋಡುವವರು ಕಡಿಮೆ, ಅದಕ್ಕೇ ಗೊತ್ತಾಗಲ್ಲ.

ದ್ರವದೊಳಗಿನ ಅಣುಗಳು ಆವಿಯಾಗಿ ಹೊರಬರಲು ತಳ್ಳುತ್ತಿರುತ್ತವೆ, ಮೇಲಿನ ಗಾಳಿ ಅವನ್ನು ಒತ್ತಿ ಹಿಡಿದಿರುತ್ತದೆ. ಒಳಗಿನ ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮ ಆದ ಕ್ಷಣ ಗುಳ್ಳೆ ಏಳುತ್ತದೆ. ಅದೇ ಕುದಿ. ಮೇಲಿನ ಒತ್ತಡ ಕಡಿಮೆ ಇದ್ದರೆ ದ್ರವ ಅಷ್ಟು ಬಿಸಿಯಾಗಬೇಕಿಲ್ಲ, ಮೊದಲೇ ಕುದಿಯುತ್ತದೆ. ಕುಕ್ಕರ್‌ನಲ್ಲಿ ಇದರ ಉಲ್ಟಾ ಆಗುತ್ತದೆ.

ಹಾಗಾಗಿ ‘ನೈಟ್ರೋಜನ್‌ನ ಕುದಿಯುವ ಬಿಂದು’ ಅನ್ನೋದು ನೈಟ್ರೋಜನ್ ಒಂದರದ್ದೇ ಸಂಖ್ಯೆ ಅಲ್ಲ, ಅದರ ತಲೆ ಮೇಲಿರುವ ಗಾಳಿಯದ್ದೂ ಅದರಲ್ಲಿ ಪಾಲಿದೆ. ಮಂಗಳೂರಿನಲ್ಲಿ ಅದು 77.3. ಬೆಂಗಳೂರಲ್ಲಿ 76.45. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಅದು 73ರ ಹತ್ತಿರ ಬರುತ್ತದೆ. ಅಲ್ಲಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ ಅನ್ನೋದು ಬೇರೆ ಮಾತು.

ನನ್ನ ಜಾಗಕ್ಕೆ ನಾನೇ ಲೆಕ್ಕ ಹಾಕೋದು ಹೇಗೆ?

ಆಂಟ್ವಾನ್ ಸೂತ್ರ ಅಂತ ಒಂದಿದೆ. ನೈಟ್ರೋಜನ್‌ಗೆ, ಒತ್ತಡವನ್ನು ಹೆಕ್ಟೊಪ್ಯಾಸ್ಕಲ್‌ನಲ್ಲಿ ಹಾಕಿದರೆ ಕೆಲ್ವಿನ್ ಬರುವ ಹಾಗೆ ಬರೆದರೆ ಹೀಗಿರುತ್ತದೆ:

```
T = 6.60 + 255.68 / (6.49457 - log10(0.75006 * P))
```

P ಜಾಗದಲ್ಲಿ 910 ಹಾಕಿ. 0.75006ರಿಂದ ಗುಣಿಸಿದರೆ 682.55, ಅದರ ಲಾಗ್ 2.834. 6.49457ರಿಂದ ಅದನ್ನು ಕಳೆದರೆ 3.660. 255.68ನ್ನು ಅದರಿಂದ ಭಾಗಿಸಿದರೆ 69.85. ಅದಕ್ಕೆ 6.60 ಕೂಡಿಸಿ, 76.45. ಮುಗಿಯಿತು. ನಮ್ಮೂರಿನ ಒತ್ತಡದ ಸುತ್ತಮುತ್ತ ಒಂದು ಹೆಕ್ಟೊಪ್ಯಾಸ್ಕಲ್ ಏರಿದರೆ ಸುಮಾರು 0.009 ಕೆಲ್ವಿನ್ ಏರುತ್ತದೆ ಅಂತ ಬಾಯಲ್ಲೇ ಲೆಕ್ಕ ಇಟ್ಟುಕೊಳ್ಳಬಹುದು. ಮಳೆ ಮೋಡದ ದಿನ ಒತ್ತಡ ಮೂರು ನಾಲ್ಕು ಇಳಿದರೂ ನಮಗೆ ಬರುವ ವ್ಯತ್ಯಾಸ 0.03 ಅಷ್ಟೇ.

ಈಗ ಎಲ್ಲರೂ ಬೀಳುವ ಹಳ್ಳ. ಫೋನಿನ ಹವಾಮಾನ ಆ್ಯಪ್ ತೆಗೆದು ಬೆಂಗಳೂರು ಅಂತ ಹುಡುಕಿದರೆ `1012 hPa` ಅಂತ ತೋರಿಸುತ್ತದೆ. ಅದನ್ನು ಸೂತ್ರಕ್ಕೆ ಹಾಕಬೇಡಿ! ಅದು ಇಲ್ಲಿನ ನಿಜವಾದ ಒತ್ತಡ ಅಲ್ಲ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಹವಾಮಾನದವರು ಎಲ್ಲವನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ನಿಮಗೆ ಬೇಕಿರುವುದು ನಿಮ್ಮ ಮೇಜಿನ ಮೇಲಿನ ಒತ್ತಡ. ಕೆಲವು ಫೋನುಗಳ ಒಳಗೆ ಬ್ಯಾರೋಮೀಟರ್ ಚಿಪ್ ಇರುತ್ತದೆ, ಅದನ್ನು ನೇರವಾಗಿ ಓದುವ ಆ್ಯಪ್ ಹಾಕಿಕೊಂಡರೆ 910ರ ಸುತ್ತ ತೋರಿಸುತ್ತದೆ. ಅದು ಸರಿ.

ನಾನೂ ಬೆಂಗಳೂರಲ್ಲೇ ಇದ್ದೇನೆ, ನನ್ನ ಮೀಟರ್ ಸರಿಯಾಗಿ 77.4 ತೋರಿಸುತ್ತಿದೆ. ಹಾಗಾದರೆ ನಿಮ್ಮ ಲೆಕ್ಕ ತಪ್ಪಲ್ವಾ?

ಈ ಪ್ರಶ್ನೆ ನನಗೆ ತುಂಬಾ ಇಷ್ಟ, ಯಾಕೆಂದರೆ ಇದೇ ಗುಂಡಿಗೆ ನಾನೂ ಬಿದ್ದಿದ್ದೆ.

ನಮ್ಮಲ್ಲಿ ಒಂದು ಪಿಟಿ-100 ಸೆನ್ಸರ್ ಇತ್ತು. ಅಂದರೆ ಸಣ್ಣ ಪ್ಲಾಟಿನಂ ತಂತಿ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ 100 ಓಮ್. ತಣ್ಣಗಾದ ಹಾಗೆ ರೋಧ ಇಳಿಯುತ್ತದೆ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮುಳುಗಿಸಿದರೆ ಸುಮಾರು 20 ಓಮ್ ಉಳಿಯುತ್ತದೆ. ಅದನ್ನು ಎರಡು ತಂತಿಯಲ್ಲಿ ಮೀಟರಿಗೆ ಜೋಡಿಸಿದ್ದರು. ಮುಳುಗಿಸಿದೆವು, 77.4 ಬಂತು. ಪುಸ್ತಕಕ್ಕೆ ಸರಿಹೊಂದಿತು ಅಂತ ಎಲ್ಲರಿಗೂ ಖುಷಿ. ಆ ಸೆನ್ಸರನ್ನು ‘ಒಳ್ಳೆಯದು’ ಅಂತ ಚೀಟಿ ಅಂಟಿಸಿ ಬೇರೆ ಡಬ್ಬಿಯಲ್ಲಿ ಇಟ್ಟೆವು.

ಆಮೇಲೆ ನಾಲ್ಕು ತಂತಿಯಲ್ಲಿ ಅಳೆಯುವ ಹೊಸ ಮೀಟರ್ ಬಂತು. ಅದೇ ಸೆನ್ಸರ್, ಲಿಕ್ವಿಡ್ ನೈಟ್ರೋಜನ್ ತುಂಬಿಡುವ ಥರ್ಮಾಸ್ ಥರದ ಅದೇ ಡ್ಯೂವರ್ ಫ್ಲಾಸ್ಕು, 76.5. ಹುಡುಗ ಓಡಿ ಬಂದ: “ಸರ್, ಹೊಸ ಮೀಟರ್ ಕೆಟ್ಟಿದೆ ಅನ್ಸುತ್ತೆ, ವಾಪಸ್ ಕಳಿಸೋಣ.” ನಾನೂ ಹೌದು ಅಂದಿದ್ದೆ, ಆ ಹೊತ್ತಿಗೆ ಪತ್ರವೂ ಟೈಪ್ ಆಗಿತ್ತು.

ಕಳಿಸುವ ಮುಂಚೆ ಒಂದು ಕೆಲಸ ಮಾಡಿದೆವು. ಥರ್ಮಾಸ್‌ನಲ್ಲಿ ಪುಡಿ ಮಾಡಿದ ಐಸು, ಸ್ವಲ್ಪ ಶುದ್ಧ ನೀರು, ಚೆನ್ನಾಗಿ ಕಲಕಿ ಹತ್ತು ನಿಮಿಷ ಬಿಟ್ಟು ಸೆನ್ಸರ್ ಇಟ್ಟೆವು. ಹೊಸ ಮೀಟರ್ ಸೊನ್ನೆ ತೋರಿಸಿತು. ಹಳೆಯದು 1.0 ತೋರಿಸಿತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಆಗಿದ್ದೇನು ಅಂದರೆ, ಎರಡು ತಂತಿ ಜೋಡಿಸಿದಾಗ ಮೀಟರ್ ಸೆನ್ಸರಿನ ರೋಧದ ಜೊತೆ ತಂತಿಯ ರೋಧವನ್ನೂ ಸೇರಿಸಿ ಓದುತ್ತದೆ. ನಮ್ಮ ತಂತಿ ಹೋಗಿಬರುವ ದಾರಿ ಸೇರಿ 0.4 ಓಮ್ ಇತ್ತು. 77ರ ಹತ್ತಿರ ಪಿಟಿ-100 ಒಂದು ಕೆಲ್ವಿನ್‌ಗೆ 0.43 ಓಮ್ ಬದಲಾಗುತ್ತದೆ, ಹಾಗಾಗಿ 0.4 ಓಮ್ ಅಂದರೆ 0.93 ಕೆಲ್ವಿನ್ ಜಾಸ್ತಿ. ಬೆಂಗಳೂರಿನ ಎತ್ತರ 0.9 ಕಳೆದಿತ್ತು, ನಮ್ಮ ಕೆಟ್ಟ ವೈರಿಂಗ್ 0.93 ಕೂಡಿಸಿತ್ತು. ಎರಡು ತಪ್ಪು ಸೇರಿ ಪುಸ್ತಕದ ಉತ್ತರ ಬಂದಿತ್ತು! ನಾವು ವರ್ಷಗಟ್ಟಲೆ ಅದನ್ನೇ ನಂಬಿಕೊಂಡು ಕೂತಿದ್ದೆವು.

ಐಸಿನಲ್ಲಿ ಯಾಕೆ ಸಿಕ್ಕಿಬಿತ್ತು ಅಂತ ಗಮನಿಸಿ. ಐಸು ಕರಗುವ ಬಿಂದುವಿಗೆ ಗಾಳಿಯ ಒತ್ತಡದ ಹಂಗು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆಂಗಳೂರಾಗಲಿ ಮಂಗಳೂರಾಗಲಿ ಅದು ಸೊನ್ನೆಯೇ. ಕುದಿಯುವುದಕ್ಕೆ ಮಾತ್ರ ಎತ್ತರದ ಕಾಟ, ಕರಗುವುದಕ್ಕೆ ಇಲ್ಲ. ಅದಕ್ಕೇ ಉಷ್ಣತೆಯ ಅಂತರರಾಷ್ಟ್ರೀಯ ಮಾಪಕ ಐಟಿಎಸ್-90ರಲ್ಲಿ ನೈಟ್ರೋಜನ್ ಕುದಿಯುವ ಬಿಂದು ಗುರುತುಗಲ್ಲಾಗಿ ಇಲ್ಲ. ಅದರ ಬದಲು ಆರ್ಗಾನ್ ತ್ರಿಬಿಂದು ಇದೆ, 83.8058 ಕೆಲ್ವಿನ್. ತ್ರಿಬಿಂದು ಅಂದರೆ ಘನ, ದ್ರವ, ಅನಿಲ ಮೂರೂ ಒಟ್ಟಿಗೆ ಇರುವ ಒಂದೇ ಒಂದು ಜಾಗ. ಅಲ್ಲಿ ಒತ್ತಡವನ್ನೂ ವಸ್ತುವೇ ತೀರ್ಮಾನಿಸುತ್ತದೆ, ನಿಮ್ಮ ಊರಿನ ಗಾಳಿ ಅಲ್ಲ.

ಅಂದ ಹಾಗೆ, ಆ ಪತ್ರ ಕಳಿಸಲಿಲ್ಲ.

ನನ್ನದು ಉಲ್ಟಾ. ಬೆಳಿಗ್ಗೆ 76.5 ಇತ್ತು, ಎರಡು ದಿನ ಬಿಟ್ಟು ನೋಡಿದರೆ ಅದೇ ಡ್ಯೂವರ್ 78 ತೋರಿಸುತ್ತಿದೆ. ಸೆನ್ಸರ್ ಜಾರಿತಾ?

ಸೆನ್ಸರ್ ಬಿಡಿ, ಮೊದಲು ಡ್ಯೂವರ್ ಒಳಗೆ ನೋಡಿ. ದ್ರವಕ್ಕೆ ತಿಳಿ ನೀಲಿ ಬಣ್ಣ ಬಂದಿದೆಯಾ? ಬಂದಿದ್ದರೆ ಅದು ಆಕ್ಸಿಜನ್.

ಅಗಲ ಬಾಯಿಯ ಡ್ಯೂವರನ್ನು ಮುಚ್ಚದೆ ಬಿಟ್ಟರೆ ಹೀಗಾಗುತ್ತದೆ. ಮಾಮೂಲಿ ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ 82 ಕೆಲ್ವಿನ್ ಹತ್ತಿರವೇ ಅದು ಹನಿಗಟ್ಟಲು ಶುರುವಾಗುತ್ತದೆ. ನಮ್ಮ ನೈಟ್ರೋಜನ್ ಅದಕ್ಕಿಂತ ತಣ್ಣಗಿದೆ. ಹಾಗಾಗಿ ಡ್ಯೂವರ್ ಬಾಯಿಗೆ ಬಂದ ಗಾಳಿ ದ್ರವವಾಗಿ ಒಳಗೆ ಇಳಿಯುತ್ತದೆ, ಅದರಲ್ಲಿ ಆಕ್ಸಿಜನ್ ಪಾಲೇ ಜಾಸ್ತಿ, ಮೊದಲ ಹನಿಗಳಲ್ಲಿ ಅರ್ಧದಷ್ಟು. ಇತ್ತ ಆವಿಯಾಗಿ ಹೋಗುವುದು ಹೆಚ್ಚಾಗಿ ನೈಟ್ರೋಜನ್. ಆಕ್ಸಿಜನ್ ಕುದಿಯುವುದು 90ಕ್ಕೆ, ಅದಕ್ಕೆ ಹೊರಡಲು ಆತುರ ಇಲ್ಲ. ದಿನ ಕಳೆದ ಹಾಗೆ ನೈಟ್ರೋಜನ್ ಖಾಲಿಯಾಗುತ್ತದೆ, ಆಕ್ಸಿಜನ್ ಉಳಿಯುತ್ತದೆ, ಮೀಟರ್ 77, 78, 79 ಅಂತ ಮೆಲ್ಲಗೆ ಹತ್ತುತ್ತದೆ.

ಇದನ್ನು ಹಗುರವಾಗಿ ತಗೋಬೇಡಿ. ಆಕ್ಸಿಜನ್ ತುಂಬಿದ ದ್ರವಕ್ಕೆ ಎಣ್ಣೆ, ಗ್ರೀಸು, ಹತ್ತಿ, ಮರದಪುಡಿ ಏನಾದರೂ ಸೋಕಿದರೆ ಸಣ್ಣ ಕಿಡಿಗೂ ಭಗ್ ಅನ್ನುತ್ತದೆ. ತಳದಲ್ಲಿ ಉಳಿಯುವ ಕೊನೆಯ ಒಂದೆರಡು ಲೋಟ ಎಲ್ಲಕ್ಕಿಂತ ಅಪಾಯ, ಆಕ್ಸಿಜನ್ ಅಲ್ಲೇ ಜಾಸ್ತಿ ಇರುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿ ಎಣ್ಣೆ ಏನೂ ಹತ್ತಿರ ಇಲ್ಲದ ಕಡೆ ಇಟ್ಟು ತಾನಾಗೇ ಆವಿಯಾಗಲು ಬಿಡಿ. ಚರಂಡಿಗೆ ಸುರಿಯಬೇಡಿ. ಹೊಸದಾಗಿ ತುಂಬಿದ ಮೇಲೆ ಸಡಿಲವಾಗಿ ಕೂರುವ ಮುಚ್ಚಳ ಹಾಕಿ. ಸಡಿಲ ಅಂದರೆ ಸಡಿಲ, ಬಿಗಿದು ಮುಚ್ಚಿದರೆ ಡ್ಯೂವರ್ ಬಾಂಬ್ ಆಗುತ್ತದೆ.

ದೊಡ್ಡ ಟ್ಯಾಂಕಿನಿಂದ ಹಿಡಿದಾಗ ಅಷ್ಟೊಂದು ಹೊಗೆ, ಅಷ್ಟೊಂದು ನಷ್ಟ ಯಾಕೆ? ಹತ್ತು ಲೀಟರ್ ಬಿಟ್ಟರೆ ಹತ್ತು ಲೀಟರ್ ಬರಲ್ಲ.

ಮತ್ತೆ ಅದೇ ಒತ್ತಡದ ಕಥೆ. ಒತ್ತಡದಲ್ಲಿ ಇಟ್ಟ ಟ್ಯಾಂಕಿನ ಗೇಜು 1.5 ಬಾರ್ ಹತ್ತಿರ ತೋರಿಸುತ್ತಿದೆ ಅಂದುಕೊಳ್ಳಿ. ಹೊರಗಿನ ಗಾಳಿಯದ್ದೂ ಸೇರಿಸಿದರೆ ಒಳಗೆ 2.4 ಬಾರ್. ಬಹಳ ದಿನ ಹಾಗೆ ನಿಂತ ದ್ರವ ಒಳಗೆ 85 ಕೆಲ್ವಿನ್‌ವರೆಗೂ ‘ಬೆಚ್ಚಗೆ’ ಇರುತ್ತದೆ, ಕುಕ್ಕರ್ ಒಳಗಿನ ನೀರಿನ ಹಾಗೆ. ನಲ್ಲಿ ತಿರುಗಿಸಿದ ಕೂಡಲೇ ಅದು ಬೆಂಗಳೂರಿನ ಒತ್ತಡಕ್ಕೆ ಬರುತ್ತದೆ, ಇಲ್ಲಿ 76.45ಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಆ ಒಂಬತ್ತು ಕೆಲ್ವಿನ್ ಬಿಸಿ ಕಳೆದುಕೊಳ್ಳಲು ಒಂದಿಷ್ಟು ದ್ರವ ಆವಿಯಾಗಲೇಬೇಕು. ಲೆಕ್ಕ ಹಾಕಿದರೆ ಹತ್ತಕ್ಕೆ ಸುಮಾರು ಒಂದು ಲೀಟರ್ ಹೀಗೇ ಹೋಗುತ್ತದೆ. ಬೆಚ್ಚಗಿನ ಹೋಸು, ಬೆಚ್ಚಗಿನ ಪಾತ್ರೆ ತಣ್ಣಗೆ ಮಾಡಲು ಹೋಗುವುದು ಇದರ ಮೇಲೆ. ತುಂಬಿಸಿದವನು ಕದ್ದಿಲ್ಲ, ಸುಮ್ನೆ ಅನುಮಾನ ಪಡಬೇಡಿ.

ಬೇರೆ ತಣ್ಣನೆ ದ್ರವಗಳದ್ದೂ ಹೇಳಿ.

ಬೆಂಗಳೂರಿನ ಅಂಕಣ 910 ಹೆಕ್ಟೊಪ್ಯಾಸ್ಕಲ್‌ಗೆ ನಾನು ಲೆಕ್ಕ ಹಾಕಿದ್ದು. ಎಲ್ಲ ಕೆಲ್ವಿನ್‌ನಲ್ಲಿ.

| ವಸ್ತು | ಸಮುದ್ರಮಟ್ಟ | ಬೆಂಗಳೂರು |
|---|---|---|
| ಹೀಲಿಯಂ | 4.22 | 4.1 |
| ಹೈಡ್ರೋಜನ್ | 20.3 | 19.9 |
| ನೈಟ್ರೋಜನ್ | 77.36 | 76.45 |
| ಆರ್ಗಾನ್ | 87.3 | 86.3 |
| ಆಕ್ಸಿಜನ್ | 90.2 | 89.2 |

ಇದರಲ್ಲಿ ಒಂದು ತಮಾಷೆ ಇದೆ. ಆರ್ಗಾನ್ 83.8ಕ್ಕೇ ಗಟ್ಟಿಯಾಗುತ್ತದೆ. ಅಂದರೆ ಆರ್ಗಾನ್ ತುಂಬಿದ ಪೈಪು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಮುಳುಗಿದ್ದರೆ ಒಳಗೆ ದ್ರವವೂ ಅಲ್ಲ, ಐಸ್ ಥರ ಗಟ್ಟಿ ಆರ್ಗಾನ್ ಕಟ್ಟಿ ದಾರಿ ಮುಚ್ಚಿಬಿಡುತ್ತದೆ. ವ್ಯಾಕ್ಯೂಮ್ ಕೆಲಸದಲ್ಲಿ ಆವಿಯನ್ನು ತಣ್ಣಗೆ ಮಾಡಿ ಹಿಡಿಯುವ ಕೋಲ್ಡ್ ಟ್ರ್ಯಾಪ್ ಇಡುವವರು ಇದನ್ನು ಮರೆತು, ಆಮೇಲೆ ಟ್ರ್ಯಾಪ್ ಬೆಚ್ಚಗಾದಾಗ ಅಷ್ಟೂ ಆರ್ಗಾನ್ ಒಮ್ಮೆಗೇ ಅನಿಲವಾಗಿ ಗಾಜು ಒಡೆಸಿಕೊಂಡಿದ್ದಾರೆ.

ಹೈಡ್ರೋಜನ್ ಮತ್ತು ಆಕ್ಸಿಜನ್ ಸಾಲುಗಳು ಇಸ್ರೋ ಸುದ್ದಿ ಓದುವವರಿಗೆ ಪರಿಚಯ ಇರುತ್ತವೆ. ಕ್ರಯೋಜೆನಿಕ್ ಎಂಜಿನ್ ಅಂದರೆ ಈ ಎರಡು ದ್ರವಗಳೇ. 20 ಕೆಲ್ವಿನ್‌ದು ಒಂದು ಟ್ಯಾಂಕ್, 90ದು ಇನ್ನೊಂದು. ಎರಡೂ ‘ತಣ್ಣಗೆ’ ಇದ್ದರೂ ಮಧ್ಯೆ 70 ಕೆಲ್ವಿನ್ ಅಂತರ, ಅವೆರಡರ ನಡುವೆ ಶಾಖ ತಡೆಯದಿದ್ದರೆ ಹೈಡ್ರೋಜನ್ ಪಾಲಿಗೆ ಆಕ್ಸಿಜನ್ನೇ ಒಲೆ.

ಆಸ್ಪತ್ರೆಯ ಎಂಆರ್‌ಐಗೆ ದುಬಾರಿ ಹೀಲಿಯಂ ಯಾಕೆ? ಅಗ್ಗದ ನೈಟ್ರೋಜನ್ ಸಾಲದಾ?

ಸಾಲದು. ಅದರೊಳಗಿನ ಆಯಸ್ಕಾಂತದ ಸುರುಳಿ ನಿಯೋಬಿಯಂ-ಟೈಟಾನಿಯಂ ತಂತಿಯದ್ದು. 9 ಕೆಲ್ವಿನ್ ಹತ್ತಿರಕ್ಕೆ ಇಳಿದರೆ ಮಾತ್ರ ಅದರ ರೋಧ ಮಾಯವಾಗುತ್ತದೆ. ಜೋರಾದ ಕಾಂತಕ್ಷೇತ್ರದಲ್ಲಿ ಕೆಲಸ ಮಾಡಲು ಇನ್ನೂ ಕೆಳಗೆ ಹೋಗಬೇಕು. ಅಲ್ಲಿಗೆ ಇಳಿಯುವ ದ್ರವ ಹೀಲಿಯಂ ಒಂದೇ. 77ರಲ್ಲಿ ಆ ತಂತಿ ಮಾಮೂಲಿ ತಂತಿ. 1987ರಲ್ಲಿ ಕಂಡುಹಿಡಿದ ಯಿಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಸುಮಾರು 92 ಕೆಲ್ವಿನ್‌ನಲ್ಲೇ ರೋಧ ಕಳೆದುಕೊಂಡು ಸೂಪರ್‌ಕಂಡಕ್ಟರ್ ಆಗುತ್ತದೆ. ಜಗತ್ತು ಆಗ ಕುಣಿದಾಡಿದ್ದು ಇದಕ್ಕೇ, ನೈಟ್ರೋಜನ್ ಸಾಕು ಅಂತ. ಆದರೆ ಅದು ಪಿಂಗಾಣಿ ಥರ ಪೆಡಸು, ತಂತಿ ಎಳೆಯೋದು ಸುಲಭ ಅಲ್ಲ.

ಲಿಕ್ವಿಡ್ ನೈಟ್ರೋಜನ್ನನ್ನು 76ಕ್ಕಿಂತ ಕೆಳಗೆ ಇಳಿಸಬಹುದಾ?

ಆರಾಮಾಗಿ. ಎತ್ತರದ ಊರಿಗೆ ಹೋಗಬೇಕಿಲ್ಲ, ಪಂಪಿನಿಂದ ಎತ್ತರವನ್ನೇ ಲ್ಯಾಬಿಗೆ ತರಬಹುದು. ಡ್ಯೂವರ್ ಬಾಯಿಗೆ ವ್ಯಾಕ್ಯೂಮ್ ಪಂಪ್ ಜೋಡಿಸಿ ಮೇಲಿನ ಆವಿ ಎಳೆಯಿರಿ. ಒತ್ತಡ ಇಳಿಯುತ್ತದೆ, ದ್ರವ ಜೋರಾಗಿ ಕುದಿಯುತ್ತದೆ, ಕುದಿಯುತ್ತಲೇ ತಣ್ಣಗಾಗುತ್ತದೆ. 63.15 ಕೆಲ್ವಿನ್ ತಲುಪಿದಾಗ ಒತ್ತಡ 125 ಹೆಕ್ಟೊಪ್ಯಾಸ್ಕಲ್ ಇರುತ್ತದೆ, ಅಲ್ಲಿ ಕುದಿಯುತ್ತಿದ್ದ ದ್ರವ ಕಣ್ಣೆದುರೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಅದೇ ನೈಟ್ರೋಜನ್‌ನ ತ್ರಿಬಿಂದು. ಮೊದಲ ಸಲ ನೋಡಿದವರು ಪಂಪ್ ಆಫ್ ಮಾಡೋದನ್ನೂ ಮರೆತು ನಿಲ್ಲುತ್ತಾರೆ.

ಮದುವೆ ಮಂಟಪದಲ್ಲಿ ಹೊಗೆ ಬಿಡುವ ಡ್ರೈ ಐಸ್ ಎಷ್ಟಕ್ಕೆ ಕುದಿಯುತ್ತದೆ?

ಕುದಿಯುವುದೇ ಇಲ್ಲ. ಅದು ಗಟ್ಟಿ ಕಾರ್ಬನ್ ಡೈ ಆಕ್ಸೈಡ್, ಸಮುದ್ರಮಟ್ಟದಲ್ಲಿ 194.7 ಕೆಲ್ವಿನ್‌ಗೆ ನೇರ ಆವಿಯಾಗುತ್ತದೆ, ಕರ್ಪೂರದ ಹಾಗೆ. ದ್ರವವಾಗಬೇಕಾದರೆ ಐದು ಬಾರ್‌ಗಿಂತ ಜಾಸ್ತಿ ಒತ್ತಡ ಬೇಕು. ನೈಟ್ರೋಜನ್ ಪಕ್ಕ ಇಟ್ಟು ನೋಡಿದರೆ ಇದು ಬೆಚ್ಚಗಿನ ವಸ್ತು.

0.9 ಕೆಲ್ವಿನ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?

ನಿಮ್ಮ ಕೆಲಸದ ಮೇಲೆ ಹೋಗುತ್ತದೆ. ಹಳ್ಳಿಗೆ ಬರುವ ದನದ ಡಾಕ್ಟ್ರು ಹೋರಿಯ ವೀರ್ಯದ ಕಡ್ಡಿಗಳನ್ನು ಅಲ್ಯೂಮಿನಿಯಂ ಕ್ಯಾನಿನಲ್ಲಿ ಇಟ್ಟುಕೊಂಡು ಬರುತ್ತಾರಲ್ಲ, ಅವರಿಗೆ 76 ಆದರೇನು 77 ಆದರೇನು. ಅವರ ಚಿಂತೆ ಕ್ಯಾನಿನಲ್ಲಿ ದ್ರವ ಉಳಿದಿದೆಯಾ ಅನ್ನೋದೊಂದೇ, ಅದಕ್ಕೆ ಒಂದು ಅಳತೆ ಕಡ್ಡಿ ಸಾಕು. ಆದರೆ ನೀವು ಸೆನ್ಸರನ್ನು ನೈಟ್ರೋಜನ್‌ನಲ್ಲಿ ಅದ್ದಿ ‘ಇದು 77.36’ ಅಂತ ಗುರುತು ಹಾಕಿದರೆ, ಆಮೇಲಿನ ಎಲ್ಲ ಅಳತೆಯಲ್ಲೂ ಆ 0.9 ತಪ್ಪು ಕೂತಿರುತ್ತದೆ. ನಮ್ಮ ಲ್ಯಾಬಿನ ಹಳೆಯ ನೋಟ್‌ಬುಕ್‌ಗಳು ಸಾಕ್ಷಿ.

ಮುಚ್ಚಿದ ಕೋಣೆಯಲ್ಲಿ ಸುರಿದರೆ ಏನಾಗುತ್ತದೆ? ವಿಷ ಅಲ್ಲ ತಾನೇ?

ವಿಷ ಅಲ್ಲ, ಆದರೂ ಕೊಲ್ಲುತ್ತದೆ. ಒಂದು ಲೀಟರ್ ದ್ರವ ನಮ್ಮೂರಿನ ಒತ್ತಡದಲ್ಲಿ, 25 ಡಿಗ್ರಿಯಲ್ಲಿ, ಸುಮಾರು 780 ಲೀಟರ್ ಅನಿಲ ಆಗುತ್ತದೆ. ಪುಸ್ತಕದಲ್ಲಿ 700 ಅಂತ ಇರುತ್ತದೆ, ಎತ್ತರಕ್ಕೆ ಇಲ್ಲೂ ಪಾಲು.

ಹತ್ತಕ್ಕೆ ಹತ್ತು ಅಡಿಯ, ಹತ್ತು ಅಡಿ ಎತ್ತರದ ಕೋಣೆ ತಗೊಳ್ಳಿ. ಒಳಗೆ ಸುಮಾರು 28,300 ಲೀಟರ್ ಗಾಳಿ. ಕಿಟಕಿ ಬಾಗಿಲು ಹಾಕಿದೆ, ಹತ್ತು ಲೀಟರ್ ಡ್ಯೂವರ್ ಬಿದ್ದು ಒಡೆಯಿತು. 7,800 ಲೀಟರ್ ನೈಟ್ರೋಜನ್ ಬಂದು, ಗಾಳಿಯ ಜೊತೆ ಬೆರೆತು ಸಂದಿಗಳಿಂದ ಹೊರಗೆ ತಳ್ಳಿತು ಅಂದರೆ ಆಕ್ಸಿಜನ್ 21ರಿಂದ 16 ಪರ್ಸೆಂಟಿಗೆ ಇಳಿಯುತ್ತದೆ. ಎಚ್ಚರಿಕೆ ಗಂಟೆಗಳನ್ನು 19.5ಕ್ಕೇ ಹೊಡೆಯುವ ಹಾಗೆ ಇಟ್ಟಿರುತ್ತಾರೆ. ತಣ್ಣನೆ ಅನಿಲ ಭಾರ, ನೆಲದ ಹತ್ತಿರ ಇನ್ನೂ ಕಡಿಮೆ ಇರುತ್ತದೆ, ಬಿದ್ದವನನ್ನು ಎತ್ತಲು ಬಗ್ಗಿದವನೂ ಬೀಳುವುದು ಹಾಗೇ. ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ, ಯಾಕೆಂದರೆ ನಮ್ಮ ಮೈಗೆ ಗೊತ್ತಾಗುವುದು ಕಾರ್ಬನ್ ಡೈ ಆಕ್ಸೈಡ್ ಜಾಸ್ತಿ ಆದಾಗ, ಆಕ್ಸಿಜನ್ ಕಡಿಮೆ ಆದಾಗ ಅಲ್ಲ.

ಲಿಫ್ಟಿನಲ್ಲಿ ಡ್ಯೂವರ್ ಕಳಿಸುವಾಗ ಜೊತೆಗೆ ಯಾರೂ ಹತ್ತಬಾರದು ಅನ್ನೋದು ಇದಕ್ಕೇ. ಡ್ಯೂವರ್ ಒಂದೇ ಹೋಗಲಿ, ಮೇಲಿನ ಮಹಡಿಯಲ್ಲಿ ಒಬ್ಬರು ನಿಂತು ಇಳಿಸಿಕೊಳ್ಳಲಿ.

ಹೊಗೆ ಬಿಸ್ಕತ್ತು, ಹೊಗೆ ಪಾನ್ ತಿನ್ನಬಹುದಾ?

ದ್ರವ ಪೂರ್ತಿ ಆವಿಯಾದ ಮೇಲೆ ಬಿಸ್ಕತ್ತು ಬರೀ ಬಿಸ್ಕತ್ತು. ತಳದಲ್ಲಿ ಒಂದಿಷ್ಟು ದ್ರವ ಉಳಿದಿದ್ದು, ಅದು ಬಾಯಿಗೆ ಹೋದರೆ ಕಷ್ಟ. 10 ಎಂಎಲ್, ಅಂದರೆ ಎರಡು ಚಮಚ, ಹೊಟ್ಟೆಯ ಬಿಸಿಗೆ ಎಂಟು ಲೀಟರ್ ಅನಿಲ ಆಗುತ್ತದೆ. ಹೊಟ್ಟೆಯಲ್ಲಿ ಅಷ್ಟು ಜಾಗ ಎಲ್ಲಿದೆ? 2024ರಲ್ಲಿ ಬೆಂಗಳೂರಲ್ಲೇ ಮದುವೆ ಆರತಕ್ಷತೆಯಲ್ಲಿ ಇಂಥ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತಾಗಿ ಆಪರೇಷನ್ ಮಾಡಬೇಕಾಯಿತು. ಕಪ್ಪಿನಿಂದ ಹೊಗೆ ಬರುತ್ತಿದ್ದರೆ ಮಕ್ಕಳ ಕೈಗೆ ಕೊಡಬೇಡಿ.

ವಿಡಿಯೋದಲ್ಲಿ ಕೈ ಅದ್ದಿ ತೆಗೆಯುತ್ತಾರಲ್ಲ, ಅವರಿಗೇನೂ ಆಗಲ್ಲವಾ?

ಕಾದ ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದರೆ ಹನಿ ಓಡಾಡುತ್ತದಲ್ಲ, ಅದೇ ಆಟ. ಇಲ್ಲಿ ಕಾವಲಿ ನಿಮ್ಮ ಕೈ. ಕೈ 300 ಕೆಲ್ವಿನ್, ದ್ರವ 76, ಮಧ್ಯೆ ಒಂದು ಕ್ಷಣ ಆವಿಯ ಪದರ ನಿಲ್ಲುತ್ತದೆ. ಉಂಗುರ, ವಾಚಿನ ಪಟ್ಟಿ, ಉಣ್ಣೆ ಗ್ಲೌಸು ಇದ್ದರೆ ದ್ರವ ಅಲ್ಲೇ ಸಿಕ್ಕಿಕೊಂಡು ಚರ್ಮ ಸುಡುತ್ತದೆ. ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಅದ್ದಿಲ್ಲ. ಸಡಿಲವಾದ ಕ್ರಯೋ ಗ್ಲೌಸ್ ಹಾಕಿ, ಕನ್ನಡಕ ಹಾಕಿ, ಮುಚ್ಚಿದ ಶೂ ಹಾಕಿ, ಪ್ಯಾಂಟಿನ ತುದಿಯನ್ನು ಶೂ ಒಳಗೆ ತುರುಕಬೇಡಿ.